ಜೀಪು ತಂದ ಮೇಲೆ ಹುಟ್ಟಿಕೊಂಡ ಕಾರಣಗಳು: ಮನಸ್ಸಿನ ಈ ತಾಕಲಾಟವನ್ನು ತಿಳಿದವರು ವಿವರಿಸುವಿರಾ?

ಮಾದಾಪುರದ ಬೆಳೆಗಾರ

ಕಳೆದ ನವೆಂಬರಿನಲ್ಲಿ ಹೊಸ ಜೀಪು ತೆಗೆದುಕೊಂಡೆ. ಫೋರ್ ವೀಲ್ ಡ್ರೈವ್ ಗಾಡಿ. ನೋಂದಣಿ, ವಿಮೆ ಎಲ್ಲ ಸೇರಿ 16 ಲಕ್ಷ ಆಯಿತು. ಅದರಲ್ಲಿ 10 ಲಕ್ಷ ಸಾಲ, ಐದು ವರ್ಷದ ಅವಧಿ, ತಿಂಗಳಿಗೆ 21,000 ರೂಪಾಯಿ ಕಂತು. ಆಗ ನನ್ನ ಮುಂದಿದ್ದ ಇನ್ನೊಂದು ಆಯ್ಕೆ 10 ಲಕ್ಷದ ಪಿಕಪ್. ಎರಡು ತಿಂಗಳು ತೂಗಿ ನೋಡಿದ್ದೆ. ಒಂದು ದಿನ ಇದು ಸರಿ ಎನಿಸಿದರೆ ಮರುದಿನ ಅದು ಸರಿ ಎನಿಸುತ್ತಿತ್ತು.

ಈಗ ಕೊಯ್ಲು ಮುಗಿದಿದೆ. ಕಾಫಿ ಮೂಟೆಗಳನ್ನು ಸಾಗಿಸಲು ಜೀಪು ಸಾಲದೆ ಬಾಡಿಗೆಗೆ ಪಿಕಪ್ ಕರೆಸಿದೆ. ಒಂದು ಸಲಕ್ಕೆ 1,800 ರೂಪಾಯಿಯಂತೆ ಒಂಬತ್ತು ಸಲ. ಆದರೂ ಯಾರಾದರೂ ಕೇಳಿದರೆ ಜೀಪನ್ನು ಹೊಗಳುತ್ತೇನೆ, ಮನಸಾರೆ ಹೊಗಳುತ್ತೇನೆ. ಹೋದ ವಾರ ಭಾವ ಬಂದಿದ್ದಾಗ, "ಮಳೆಗಾಲದಲ್ಲಿ ರಸ್ತೆ ಕುಸಿದರೆ ಮನೆಯವರನ್ನು ಹೊರಗೆ ಕರೆದೊಯ್ಯಲು ಇಂಥದ್ದೊಂದು ಗಾಡಿ ಬೇಕೇ ಬೇಕು" ಎಂದೆ. ಅವರು ಒಪ್ಪಿಕೊಂಡರು. ನಾನೂ ಅದನ್ನು ನಂಬಿದ್ದೆ.

ಆ ರಾತ್ರಿ ತೋಟದ ಲೆಕ್ಕದ ಪುಸ್ತಕ ತೆರೆದಾಗ, ಗಾಡಿ ಕೊಳ್ಳುವ ಮೊದಲು ನಾನೇ ಬರೆದಿಟ್ಟಿದ್ದ ಪಟ್ಟಿ ಸಿಕ್ಕಿತು. ಪಿಕಪ್‌ನ ಕಡೆಗೆ ಗೊಬ್ಬರ, ಮೂಟೆ, ಸೌದೆ ಎಂದು ಬರೆದಿದ್ದೆ. ಜೀಪಿನ ಕಡೆಗೆ ತೋಟದ ಮೇಲಿನ ಏರು, ಆರಾಮ, ನೋಡಲು ಚೆಂದ ಎಂದು ಬರೆದಿದ್ದೆ. ರಸ್ತೆ ಕುಸಿತದ ಮಾತು ಎಲ್ಲಿಯೂ ಇಲ್ಲ! ಆ ಕಾರಣ ಜೀಪು ಮನೆಗೆ ಬಂದ ಮೇಲೆ ಹುಟ್ಟಿದ್ದು. ನಾನು ಭಾವನಿಗೆ ಸುಳ್ಳು ಹೇಳಲಿಲ್ಲ. ಆದರೆ ಹೇಳಿದ್ದು ನಿಜವೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತಿಲ್ಲ. ಇದಕ್ಕೆ ಕಾಗ್ನಿಟಿವ್ ಡಿಸೊನೆನ್ಸ್ ಎನ್ನುತ್ತಾರೆ ಎಂದು ಮಗಳು ಹೇಳಿದಳು. ತಿಳಿದವರು ವಿವರಿಸಬೇಕು.

ಕುಶಾಲನಗರದ ಲೆಕ್ಕಿಗ

ಇದರಲ್ಲಿ ಅಂಥ ಗೂಢವೇನೂ ಇಲ್ಲ ಸರ್. ದುಡ್ಡು ಹೆಚ್ಚು ಸುರಿದಷ್ಟೂ ವಸ್ತುವಿನ ಮೇಲೆ ಮಮತೆ ಹೆಚ್ಚು. ಹೋದ ದುಡ್ಡಿನ ಹಿಂದೆಯೇ ಹೋಗುವುದು ಮನುಷ್ಯನ ಸ್ವಭಾವ. ನನ್ನ ಬಳಿ ಲೆಕ್ಕ ಬರೆಸುವ ಅಂಗಡಿಯವರಲ್ಲಿ ನಷ್ಟದ ವ್ಯವಹಾರಕ್ಕೆ ಮತ್ತೆ ಮತ್ತೆ ಬಂಡವಾಳ ಹಾಕುವವರನ್ನು ನೋಡಿದ್ದೇನೆ. ನಿಮ್ಮದೂ ಅದೇ. 16 ಲಕ್ಷದ ಬದಲು 6 ಲಕ್ಷದ ಗಾಡಿಯಾಗಿದ್ದರೆ ಇಷ್ಟು ಹೊಗಳುತ್ತಿರಲಿಲ್ಲ.

ಶನಿವಾರಸಂತೆಯ ಯುವಕ

ಅಣ್ಣ, ನಾನೂ ಇದೇ ಗೊಂದಲದಲ್ಲಿದ್ದೇನೆ. ನಮ್ಮದು ನಾಲ್ಕು ಎಕರೆ ತೋಟ, ಒಂದಿಷ್ಟು ಗದ್ದೆ. ಪಿಕಪ್ ತೆಗೆದುಕೊಳ್ಳಲೋ ಜೀಪು ತೆಗೆದುಕೊಳ್ಳಲೋ? ಹಳೆಯ ಗಾಡಿಯಾದರೂ ಪರವಾಗಿಲ್ಲ.

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಕಾಲೇಜಿನಲ್ಲಿ ಬಹಳ ವರ್ಷ ಮನಃಶಾಸ್ತ್ರ ಕಲಿಸಿದವಳು ನಾನು. ಬೆಳೆಗಾರರು ಪಟ್ಟಿಯನ್ನು ಉಳಿಸಿಕೊಂಡದ್ದು ದೊಡ್ಡ ವಿಷಯ. ಕೊಳ್ಳುವ ಮೊದಲಿನ ಮನಸ್ಸು ಹೇಗಿತ್ತು ಎಂಬುದಕ್ಕೆ ಸಾಮಾನ್ಯವಾಗಿ ಯಾರ ಬಳಿಯೂ ಸಾಕ್ಷಿ ಇರುವುದಿಲ್ಲ. ನೆನಪು ಕೂಡ ಕೊಂಡ ವಸ್ತುವಿನ ಪರವಾಗಿ ಬಾಗುತ್ತದೆ.

ಒಂದಕ್ಕೊಂದು ಹೊಂದದ ಎರಡು ಅರಿವುಗಳು ಮನಸ್ಸಿನಲ್ಲಿ ಒಟ್ಟಿಗೆ ಇದ್ದಾಗ ಆಗುವ ಕಸಿವಿಸಿಗೆ ಕಾಗ್ನಿಟಿವ್ ಡಿಸೊನೆನ್ಸ್ ಎನ್ನುತ್ತಾರೆ. ಅದನ್ನು ತಗ್ಗಿಸಲು ಮನಸ್ಸು ದಾರಿ ಹುಡುಕುತ್ತದೆ. ನಿಮ್ಮ ಅನುಭವವನ್ನೇ ಹೋಲುವ ಪ್ರಯೋಗವೊಂದನ್ನು ಜ್ಯಾಕ್ ಬ್ರೆಮ್ ಎಂಬವರು 1956ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿನಿಯರ ಮುಂದೆ ಟೋಸ್ಟರ್, ಮೇಜಿನ ದೀಪ, ರೇಡಿಯೊ, ಕಾಫಿ ಮಾಡುವ ಯಂತ್ರ ಮುಂತಾದ ಎಂಟು ವಸ್ತುಗಳನ್ನು ಇಟ್ಟು, ಒಂದೊಂದೂ ಎಷ್ಟು ಇಷ್ಟ ಎಂದು ಅಂಕ ಹಾಕಿಸಿದರು. ಬಳಿಕ ಎರಡನ್ನು ತೋರಿಸಿ, ಇವುಗಳಲ್ಲಿ ಒಂದನ್ನು ಮನೆಗೆ ಕೊಂಡುಹೋಗಬಹುದು ಎಂದರು. ಕೆಲವರಿಗೆ ಹೆಚ್ಚುಕಡಿಮೆ ಸಮನಾದ ಅಂಕ ಪಡೆದ ಜೋಡಿಯನ್ನು ಕೊಟ್ಟರು, ಉಳಿದವರಿಗೆ ಅಂಕದಲ್ಲಿ ತುಂಬ ಅಂತರವಿದ್ದ ಜೋಡಿಯನ್ನು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಅಂಕ ಹಾಕಿಸಿದಾಗ, ಆರಿಸಿಕೊಂಡ ವಸ್ತು ಮೇಲೇರಿತ್ತು, ಬಿಟ್ಟ ವಸ್ತು ಕೆಳಗಿಳಿದಿತ್ತು. ಸಮನಾದ ಜೋಡಿಯಲ್ಲಿ ಆರಿಸಿದವರಲ್ಲಿ ಈ ಅಂತರ ಹೆಚ್ಚು ಎದ್ದು ಕಂಡಿತು.

ಇಲ್ಲಿ ಗಮನಿಸಬೇಕಾದದ್ದು, ಯಾರೂ ತಪ್ಪು ವಸ್ತುವನ್ನು ಆರಿಸಿರಲಿಲ್ಲ. ಈ ತಾಕಲಾಟ ಕೆಟ್ಟ ಆಯ್ಕೆಯಿಂದ ಮಾತ್ರ ಬರುವುದಲ್ಲ. ಎರಡೂ ಒಳ್ಳೆಯದೇ ಆಗಿದ್ದು, ಒಂದನ್ನು ನಮ್ಮ ಕೈಯಾರೆ ಬಿಟ್ಟಾಗ ಅದು ಹೆಚ್ಚು ಕಾಡುತ್ತದೆ. ಬಿಟ್ಟುಬಂದ ಪಿಕಪ್‌ನ ಒಳ್ಳೆಯ ಗುಣಗಳು ಎಲ್ಲಿಯೂ ಹೋಗುವುದಿಲ್ಲ. ಒಂಬತ್ತು ಸಲ ಬಾಡಿಗೆ ಕೊಡುವಾಗ ಒಂಬತ್ತು ಸಲವೂ ನಿಮ್ಮ ಎದುರಿಗೆ ಬಂದು ನಿಲ್ಲುತ್ತವೆ. ಜೀಪನ್ನು ಹಿಂದಿರುಗಿಸುವಂತಿಲ್ಲ, ಕಂತು ನಿಲ್ಲುವಂತಿಲ್ಲ. ಬದಲಾಯಿಸಲು ಕೈಗೆ ಸಿಗುವುದು ಅಭಿಪ್ರಾಯ ಒಂದೇ. ಆದ್ದರಿಂದ ಅದು ಬದಲಾಗುತ್ತದೆ.

ಲೆಕ್ಕಿಗರ ಮಾತಿನಲ್ಲಿ ಅರ್ಧ ನಿಜವಿದೆ. ಕಷ್ಟಪಟ್ಟು ಪಡೆದದ್ದನ್ನು ಹೆಚ್ಚು ಮೆಚ್ಚುತ್ತೇವೆ ಎಂಬುದಕ್ಕೆ ಪ್ರಯೋಗಗಳ ಆಧಾರ ಇದೆ. ಆದರೆ ಹೋದ ಬಂಡವಾಳದ ಹಿಂದೆ ಹೋಗುವುದು ಮುಂದಿನ ನಡೆಗೆ ಸಂಬಂಧಿಸಿದ್ದು: ಇನ್ನೂ ಹಾಕಲೇ, ನಿಲ್ಲಿಸಲೇ ಎಂಬ ಪ್ರಶ್ನೆ. ಬೆಳೆಗಾರರು ಜೀಪಿಗೆ ಇನ್ನಷ್ಟು ಹಣ ಹಾಕಲು ಹೊರಟಿಲ್ಲ. ಅವರಲ್ಲಿ ಬದಲಾದದ್ದು ನಂಬಿಕೆ. ಎರಡೂ ಅಕ್ಕಪಕ್ಕದ ಮನೆಗಳಿರಬಹುದು, ಒಂದೇ ಮನೆಯಲ್ಲ.

ಕುಶಾಲನಗರದ ಲೆಕ್ಕಿಗ

ಒಪ್ಪಿದೆ ಮೇಡಂ, ಆದರೆ ಹಣದ ಮಾತನ್ನು ಬಿಟ್ಟುಕೊಡಲಾರೆ. ಮೊತ್ತ ದೊಡ್ಡದಾದರೆ ಮನಸ್ಸಿನ ಬದಲಾವಣೆಯೂ ದೊಡ್ಡದಾಗಬೇಕು ತಾನೇ?

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಕೊಡುವ ಹಣದಲ್ಲಿ ಬಹುಮಟ್ಟಿಗೆ ಹೌದು. ಸಿಗುವ ಹಣದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಕಾಗ್ನಿಟಿವ್ ಡಿಸೊನೆನ್ಸ್ ಸಿದ್ಧಾಂತವನ್ನು 1957ರಲ್ಲಿ ಮಂಡಿಸಿದ ಲಿಯಾನ್ ಫೆಸ್ಟಿಂಗರ್, ಜೇಮ್ಸ್ ಕಾರ್ಲ್‌ಸ್ಮಿತ್ ಜೊತೆ 1959ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಹುಡುಗರಿಗೆ ಒಂದು ಗಂಟೆ ಬೇಸರ ಹಿಡಿಸುವ ಕೆಲಸ ಕೊಟ್ಟರು. ಹಲಗೆಯ ಮೇಲಿನ ಗೂಟಗಳನ್ನು ಕಾಲು ಸುತ್ತು ತಿರುಗಿಸುವುದು, ಮತ್ತೆ ಕಾಲು ಸುತ್ತು ತಿರುಗಿಸುವುದು, ಅಂಥದ್ದು. ಮುಗಿದ ಮೇಲೆ, ಹೊರಗೆ ಕಾದಿರುವ ಹುಡುಗಿಗೆ ಕೆಲಸ ಬಹಳ ಸ್ವಾರಸ್ಯವಾಗಿತ್ತು ಎಂದು ಹೇಳಬೇಕು ಎಂದು ಕೇಳಿಕೊಂಡರು. ಹಾಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಕೊನೆಯಲ್ಲಿ, ಕೆಲಸ ನಿಜಕ್ಕೂ ಹೇಗಿತ್ತು ಎಂದು ಕೇಳಿದಾಗ ಹೆಚ್ಚು ಮೆಚ್ಚಿದವರು 1 ಡಾಲರ್ ಪಡೆದವರು.

20 ಡಾಲರ್ ಪಡೆದವನಿಗೆ, ಹಣಕ್ಕಾಗಿ ಸುಳ್ಳು ಹೇಳಿದೆ ಎಂಬ ಕಾರಣ ಜೇಬಿನಲ್ಲೇ ಇತ್ತು. 1 ಡಾಲರಿನವನಿಗೆ ಅದು ಸಾಲದು. ಹಾಗಾಗಿ, ಕೆಲಸ ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದು ಅವನ ಮನಸ್ಸು ತಿರುಗಿತು. ಇಲ್ಲಿ ನಿರ್ಣಾಯಕವಾದದ್ದು ಮೊತ್ತವಲ್ಲ, ಹೊರಗಿನ ಕಾರಣ ಸಾಕಷ್ಟಿದೆಯೇ ಎಂಬುದು. ಬೆಳೆಗಾರರನ್ನು ಅವರ ತಂದೆಯೇ ಒತ್ತಾಯ ಮಾಡಿ ಜೀಪು ಕೊಳ್ಳಿಸಿದ್ದರೆ ಅವರು ಇಷ್ಟು ಹೊಗಳುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಅಪ್ಪನನ್ನೇ ದೂರಬಹುದಿತ್ತಲ್ಲ.

ಗೋಣಿಕೊಪ್ಪಲಿನ ತಂಗಿ

ನಮಸ್ಕಾರ ಮೇಡಂ. ನನ್ನದು ವಸ್ತುವಿನ ಕತೆಯಲ್ಲ, ಅಣ್ಣನ ಚಟದ ಕತೆ. ಅಣ್ಣ 25 ವರ್ಷದಿಂದ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಾನೆ. ಅದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ನಮ್ಮ ದೊಡ್ಡಪ್ಪ ಅದರಲ್ಲಿಯೇ ಹೋದರು, ಆಸ್ಪತ್ರೆಯಲ್ಲಿ ರಾತ್ರಿ ಕಾದವನೂ ಅವನೇ. ಹಾಗಿದ್ದೂ ಬಿಡಲಿಲ್ಲ. ಮೊದಲು, ಸಿಗರೇಟು ಅಲ್ಲವಲ್ಲ ಎನ್ನುತ್ತಿದ್ದ. ದೊಡ್ಡಪ್ಪ ಹೋದ ಮೇಲೆ, ಅಜ್ಜಿ ಸಾಯುವವರೆಗೂ ಜಗಿದರು, 85 ವರ್ಷ ಬದುಕಲಿಲ್ಲವೇ ಎನ್ನತೊಡಗಿದ. ಈಗ, ಕಕ್ಕಡದ ಮಳೆಯಲ್ಲಿ ತೋಟದಲ್ಲಿ ನಿಂತು ನೋಡು, ಆಗ ತಿಳಿಯುತ್ತದೆ ಎನ್ನುತ್ತಾನೆ. ನಾನು ಕ್ಯಾನ್ಸರ್ ರೋಗಿಗಳ ಚಿತ್ರ ತೋರಿಸಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಇನ್ನು ಹೇಗೆ ಹೇಳಲಿ?

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ತಂಗಿ, ನಿಮ್ಮ ದೊಡ್ಡಪ್ಪನ ವಿಷಯ ಓದಿ ಮನಸ್ಸು ಭಾರವಾಯಿತು. ಮೊದಲು ಬೇರೆಯದೇ ಒಂದು ಮಾತು. ಅಣ್ಣನ ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ, ಬಾಯಿ ಅಗಲವಾಗಿ ತೆರೆಯಲು ಬಾರದಂತಾಗಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಅದು ಮನಃಶಾಸ್ತ್ರಕ್ಕೆ ಕಾಯುವ ವಿಷಯವಲ್ಲ.

ಇನ್ನು ನಿಮ್ಮ ಪ್ರಶ್ನೆ. ಅಪಾಯವಿದೆ ಎಂಬ ಅರಿವು ಒಂದು ಕಡೆ, ದಿನವೂ ಜಗಿಯುತ್ತೇನೆ ಎಂಬ ಅರಿವು ಇನ್ನೊಂದು ಕಡೆ. ಎರಡೂ ಒಂದೇ ತಲೆಯಲ್ಲಿ ನೆಮ್ಮದಿಯಾಗಿ ಇರಲಾರವು. ಚಟ ಬಿಟ್ಟರೆ ಜಗಳ ಮುಗಿಯುತ್ತದೆ. ಆದರೆ ನಿಕೋಟಿನ್ ಹಿಡಿದ ದೇಹ ಅದಕ್ಕೆ ಸುಲಭವಾಗಿ ಬಿಡುವುದಿಲ್ಲ. ಅಜ್ಜಿಯನ್ನು ನೆನಪಿಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭ. ಅವನ ಕಾರಣಗಳು ಕಾಲಕಾಲಕ್ಕೆ ಬದಲಾಗುತ್ತ ಬಂದುದನ್ನು ನೀವೇ ಬರೆದಿದ್ದೀರಿ. ಒಂದು ಕಾರಣ ಬಿದ್ದುಹೋದ ಕೂಡಲೇ ಇನ್ನೊಂದು ಆ ಜಾಗಕ್ಕೆ ಬಂದರೆ, ಚಟ ಆ ಕಾರಣಗಳ ಮೇಲೆ ನಿಂತಿಲ್ಲ ಎಂದೇ ತಿಳಿಯಬೇಕು. ಆದ್ದರಿಂದ ಅವುಗಳ ಜೊತೆ ವಾದಕ್ಕಿಳಿದು ಪ್ರಯೋಜನವಿಲ್ಲ. ನೀವು ಹೆದರಿಸಿದಷ್ಟೂ ತಾಕಲಾಟ ಹೆಚ್ಚುತ್ತದೆ, ಬಿಡುವ ದಾರಿ ಕಾಣದಿದ್ದರೆ ಅವನು ಸಮರ್ಥನೆಯನ್ನೇ ಗಟ್ಟಿಮಾಡುತ್ತಾನೆ.

1992ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ ನೀರಿಗೆ ಬರ ಬಂದಿದ್ದಾಗ, ವಿಶ್ವವಿದ್ಯಾಲಯದ ಈಜುಕೊಳದಿಂದ ಸ್ನಾನಕ್ಕೆ ಹೋಗುವವರನ್ನು ತಡೆದು ಮಾತನಾಡಿಸಿದರು. ಕೆಲವರಿಂದ, ನೀರನ್ನು ಮಿತವಾಗಿ ಬಳಸಿ ಎಂದು ಇತರರಿಗೆ ಹೇಳುವ ಕರಪತ್ರಕ್ಕೆ ಸಹಿ ಹಾಕಿಸಿದರು. ಕೆಲವರಿಗೆ, ತಾವೇ ನೀರು ಪೋಲು ಮಾಡಿದ ಸಂದರ್ಭಗಳನ್ನು ನೆನಪಿಸುವ ಪ್ರಶ್ನೆ ಕೇಳಿದರು. ಇನ್ನು ಕೆಲವರಿಗೆ ಎರಡನ್ನೂ ಮಾಡಿದರು. ಸ್ನಾನದ ಸಮಯ ಅಳೆದಾಗ, ಎರಡನ್ನೂ ಮಾಡಿದವರು ಏನನ್ನೂ ಮಾಡದವರಿಗಿಂತ ಸ್ಪಷ್ಟವಾಗಿ ಬೇಗ ಮುಗಿಸಿದ್ದರು. ಇನ್ನೊಬ್ಬರಿಗೆ ಹೇಳಿದ ಮಾತು ತಮ್ಮ ಮೇಲೆಯೇ ತಿರುಗಿ ಬಂದಾಗ, ನಡತೆಯನ್ನು ತಿದ್ದಿಕೊಳ್ಳುವುದೇ ಹತ್ತಿರದ ದಾರಿಯಾಗಿತ್ತು. ಆದರೆ ಸ್ನಾನ ಚಟವಲ್ಲ ಎಂಬುದನ್ನು ಮರೆಯಬೇಡಿ.

ಗೋಣಿಕೊಪ್ಪಲಿನ ತಂಗಿ

ಹಾಗಾದರೆ ಅಣ್ಣನಿಂದ ನನ್ನ ಮಗನಿಗೆ ಬುದ್ಧಿ ಹೇಳಿಸಬಹುದೇ? ಅವನಿಗೆ 16 ವರ್ಷ, ಮಾವನೆಂದರೆ ಪ್ರಾಣ.

ಕುಶಾಲನಗರದ ಲೆಕ್ಕಿಗ

ಅಕ್ಕ, ಇದು ನನಗೆ ಸರಿ ಕಾಣುವುದಿಲ್ಲ. ಹುಡುಗನ ಎದುರು ಅವರಿಗೆ ಅವಮಾನವಾದರೆ ಸಂಬಂಧವೇ ಕೆಡುತ್ತದೆ. ಪ್ರಯೋಗಕ್ಕೆ ಬಂದವರು ಅಪರಿಚಿತರು, ಇವರು ನಿಮ್ಮ ಅಣ್ಣ.

ವಿರಾಜಪೇಟೆಯ ಸಂಶೋಧನಾ ವಿದ್ಯಾರ್ಥಿ

ಮೇಡಂ, ಬ್ರೆಮ್ ಪ್ರಯೋಗದ ಬಗ್ಗೆ ನನಗೆ ತಕರಾರಿದೆ. 2010ರಲ್ಲಿ ಚೆನ್ ಮತ್ತು ರೈಸನ್ ಅದರ ಬುಡಕ್ಕೇ ಪ್ರಶ್ನೆ ಹಾಕಿದರು. ನಾನು ಎರಡು ಲೋಟ ಕಾಫಿ ಕುಡಿದು ಎರಡಕ್ಕೂ ಏಳು ಅಂಕ ಕೊಟ್ಟೆ ಎಂದುಕೊಳ್ಳಿ. ಅಂಕ ಒರಟು ಅಳತೆ. ಒಳಗೊಳಗೆ ಒಂದು ತುಸು ಹೆಚ್ಚು ರುಚಿಸಿರಬಹುದು. ಒಂದನ್ನು ಆರಿಸು ಎಂದಾಗ ನಾನು ಆ ಹೆಚ್ಚು ರುಚಿಸಿದ್ದನ್ನೇ ಎತ್ತಿಕೊಳ್ಳುತ್ತೇನೆ. ಎರಡನೆಯ ಸಲ ಅಂಕ ಹಾಕುವಾಗ ಅಂತರ ಕಾಣಿಸಿದರೆ, ನನ್ನ ಮನಸ್ಸು ಬದಲಾಯಿತೋ, ಅಥವಾ ಮೊದಲೇ ಇದ್ದ ಒಲವು ಈಗ ಹೊರಬಿತ್ತೋ? ಎರಡೂ ಸಲದ ಅಂಕಗಳನ್ನು ಮೊದಲೇ ಹಾಕಿಸಿ, ಆಯ್ಕೆಯನ್ನು ಕೊನೆಗೆ ಮಾಡಿಸಿದಾಗಲೂ ಅಂಥದೇ ಅಂತರ ಕಂಡಿತು. ಇನ್ನೂ ಮಾಡದ ಆಯ್ಕೆ ಮನಸ್ಸನ್ನು ಹೇಗೆ ಬದಲಾಯಿಸಲು ಸಾಧ್ಯ?

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ನೀವು ಹೇಳಿದ್ದು ಸರಿ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಬ್ರೆಮ್ ಪ್ರಯೋಗವನ್ನು ಪ್ರಶ್ನೆಯಿಲ್ಲದೆ ಕಲಿಸಿದ್ದೇನೆ. ಈಗಾಗಿದ್ದರೆ ಹಾಗೆ ಕಲಿಸುತ್ತಿರಲಿಲ್ಲ. ಅದೊಂದನ್ನೇ ಆಧಾರವಾಗಿ ಹಿಡಿದರೆ ಸಾಲದು.

ಆದರೆ ಬೇರೆ ಬಗೆಯ ಸಾಕ್ಷಿಯೂ ಇದೆ. ನಾಕ್ಸ್ ಮತ್ತು ಇಂಕ್‌ಸ್ಟರ್ 1968ರಲ್ಲಿ ಕೆನಡಾದ ಕುದುರೆ ಪಂದ್ಯದ ಮೈದಾನದಲ್ಲಿ ಎರಡು ಡಾಲರಿನ ಬಾಜಿ ಕಟ್ಟುವವರನ್ನು ಮಾತನಾಡಿಸಿದರು. ಇನ್ನೇನು ಹಣ ಕಟ್ಟಲಿದ್ದವರನ್ನೂ, ಆಗತಾನೇ ಕಟ್ಟಿ ಬಂದವರನ್ನೂ, ನಿಮ್ಮ ಕುದುರೆ ಗೆಲ್ಲುತ್ತದೆಯೇ ಎಂದು ಕೇಳಿದರು. ಕಟ್ಟಿ ಬಂದವರ ನಂಬಿಕೆ ಗಟ್ಟಿಯಾಗಿತ್ತು. ಕುದುರೆ ಅದೇ, ಪಂದ್ಯ ಅದೇ, ನಡುವೆ ಕಳೆದದ್ದು ಅರ್ಧ ನಿಮಿಷ. ಇಲ್ಲಿ ಎರಡೂ ಗುಂಪಿನವರು ಕುದುರೆಯನ್ನು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದರು. ಹಾಗಾಗಿ ಚೆನ್ ಮತ್ತು ರೈಸನ್ ಅವರ ತಕರಾರು ಅಷ್ಟು ಸುಲಭವಾಗಿ ಇಲ್ಲಿಗೆ ತಾಗುವುದಿಲ್ಲ.

ವಿರಾಜಪೇಟೆಯ ಸಂಶೋಧನಾ ವಿದ್ಯಾರ್ಥಿ

ಅದನ್ನು ಒಪ್ಪುತ್ತೇನೆ. ಆದರೆ 2024ರಲ್ಲಿ ಹಲವು ದೇಶಗಳ 39 ಪ್ರಯೋಗಾಲಯಗಳು ಸೇರಿ ಮಾಡಿದ ಅಧ್ಯಯನವನ್ನೂ ನೋಡಬೇಕು. ವಿದ್ಯಾರ್ಥಿಗಳಿಂದ ಅವರ ಅಭಿಪ್ರಾಯಕ್ಕೆ ವಿರುದ್ಧವಾದ ಪ್ರಬಂಧ ಬರೆಸಿದರು. ಬರೆದವರ ಅಭಿಪ್ರಾಯ ಸ್ವಲ್ಪ ಬಾಗಿತು. ಆದರೆ "ಬರೆಯುವುದು ಬಿಡುವುದು ನಿಮ್ಮ ಇಷ್ಟ" ಎಂದು ಹೇಳಿದ್ದಕ್ಕೂ, ಬರೆಯಲೇಬೇಕು ಎಂದು ಹೇಳಿದ್ದಕ್ಕೂ ಸಿದ್ಧಾಂತ ಹೇಳಿದಂಥ ವ್ಯತ್ಯಾಸ ಕಾಣಲಿಲ್ಲ. ತಂದೆ ಒತ್ತಾಯಿಸಿದ್ದರೆ ಬೆಳೆಗಾರರು ಹೊಗಳುತ್ತಿರಲಿಲ್ಲ ಎಂದಿರಲ್ಲ, ಅಷ್ಟು ಖಚಿತವಾಗಿ ಹೇಳಲು ಆಗದು.

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಆ ವಾಕ್ಯವನ್ನು ಸಡಿಲಿಸುತ್ತೇನೆ. ಬರಿಯ ಮಾತಿನಲ್ಲಿ "ನಿಮ್ಮ ಇಷ್ಟ" ಎಂದರೆ ವಿದ್ಯಾರ್ಥಿಗೆ ನಿಜವಾಗಿ ಬಿಡುಗಡೆ ಸಿಕ್ಕಂತಾಗುತ್ತದೆಯೇ ಎಂಬ ಸಂದೇಹ ನನ್ನದು. ಎರಡು ತಿಂಗಳು ಯೋಚಿಸಿ ಸಾಲಪತ್ರಕ್ಕೆ ಸಹಿ ಹಾಕುವುದು ಬೇರೆ ತೂಕದ ಆಯ್ಕೆ. ಇದು ನನ್ನ ಊಹೆ, ಪುರಾವೆಯಲ್ಲ.

ಮಕ್ಕಂದೂರಿನ ನಿವಾಸಿ

ಓದುತ್ತ ಹೋದಂತೆ ಬೇರೊಂದು ವಿಷಯ ನೆನಪಾಯಿತು. 2022ರ ಜೂನ್ ಕೊನೆಯಲ್ಲಿ ಚೆಂಬು, ಕರಿಕೆ ಕಡೆ ಭೂಮಿ ನಡುಗಿದಾಗ ನಮ್ಮ ಮನೆಯ ಒಂದು ಹಂಚೂ ಕದಲಲಿಲ್ಲ. ಆದರೂ, ಇನ್ನೂ ದೊಡ್ಡದು ಬರಲಿದೆ ಎಂಬ ಸಂದೇಶಗಳನ್ನು ನಾನೇ ಎಷ್ಟೋ ಜನರಿಗೆ ಕಳುಹಿಸಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ, ಕಣ್ಣೆದುರೇ ತೋಟ ಹೋದಾಗ ಅಂಥ ಒಂದು ಸಂದೇಶವನ್ನೂ ಕಳುಹಿಸಿದ ನೆನಪಿಲ್ಲ. ಇದಕ್ಕೂ ಅದಕ್ಕೂ ನಂಟಿದೆಯೇ?

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ನಂಟಿದೆ, ಅದೂ ಬೇರಿನಷ್ಟು ಹಳೆಯ ನಂಟು. 1934ರ ಜನವರಿಯ ಬಿಹಾರ ಭೂಕಂಪದ ನಂತರ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಭಾರತೀಯ ಮನಃಶಾಸ್ತ್ರಜ್ಞರು ಸಂಗ್ರಹಿಸಿದ್ದರು. ಕಂಪನ ಅನುಭವಿಸಿದ, ಆದರೆ ಹಾನಿಯಾಗದ ಊರುಗಳಲ್ಲಿ, ಇನ್ನೂ ಘೋರವಾದದ್ದು ಬರಲಿದೆ ಎಂಬ ಸುದ್ದಿಗಳು ಓಡಾಡುತ್ತಿದ್ದವು. ಭಯಪಡಿಸುವ ಸುದ್ದಿಯನ್ನು ಜನ ತಾವಾಗಿ ಏಕೆ ನಂಬುತ್ತಾರೆ ಎಂದು ಯೋಚಿಸಿದ ಫೆಸ್ಟಿಂಗರ್‌ಗೆ ಉತ್ತರ ಹೊಳೆಯಿತು: ಭಯ ಮೊದಲೇ ಒಳಗಿತ್ತು, ಸುತ್ತ ನೋಡಿದರೆ ಏನೂ ಆಗಿಲ್ಲ, ಆ ಭಯಕ್ಕೆ ತಕ್ಕ ಕಾರಣ ಬೇಕಾಗಿತ್ತು. ಡಾರ್ಜಿಲಿಂಗ್‌ನಲ್ಲಿ ಭೂಕುಸಿತವನ್ನು ಕಣ್ಣಾರೆ ಕಂಡವರಲ್ಲಿ ಅಂಥ ವದಂತಿ ಹರಡಲಿಲ್ಲ ಎಂದು ಇನ್ನೊಂದು ಅಧ್ಯಯನ ಹೇಳಿತ್ತು. ಅವರ ಭಯಕ್ಕೆ ಕಾರಣ ಎದುರಿಗೇ ಬಿದ್ದಿತ್ತು. ನಿಮ್ಮ ಎರಡು ನೆನಪುಗಳು ಅದೇ ಜೋಡಿಯಂತಿವೆ.

ಶನಿವಾರಸಂತೆಯ ಯುವಕ

ಗಾಡಿಯ ಬಗ್ಗೆ ಯಾರೂ ಉತ್ತರಿಸಲಿಲ್ಲ.

ಗೋಣಿಕೊಪ್ಪಲಿನ ತಂಗಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಅವಮಾನವಾಗದಂತೆ, ಮಗನ ಶಾಲೆಯ ಬಳಿ ಹುಡುಗರು ಗುಟ್ಕಾ ತಿನ್ನುತ್ತಾರಂತೆ, ನೀನೇ ಸ್ವಲ್ಪ ಹೇಳು ಎಂದು ಅಣ್ಣನನ್ನು ಕೇಳಿದೆ. ಅವನು ಮಗನನ್ನು ಕೂರಿಸಿಕೊಂಡು ದೊಡ್ಡಪ್ಪನ ಕೊನೆಯ ದಿನಗಳ ಬಗ್ಗೆ ಹೇಳಿದ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆಮೇಲೆ ಅವನು ನಮ್ಮೆದುರು ಎಲೆಚೀಲ ತೆಗೆದಿಲ್ಲ. ಆದರೆ ಊಟವಾದ ಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಬರುತ್ತಾನೆ. ಮೊದಲಿಗಿಂತ ಕಡಿಮೆಯೋ, ಅಷ್ಟೆಯೋ ತಿಳಿಯುತ್ತಿಲ್ಲ. ಬಾಯಿ ತೋರಿಸಲು ಮಾತ್ರ ಒಪ್ಪಿದ್ದಾನೆ, ಬುಧವಾರ ದಂತವೈದ್ಯರ ಬಳಿ ಹೋಗುತ್ತಿದ್ದೇವೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಕೊಟ್ಟಿಗೆಯ ಹಿಂದೆ ಹೋಗುವುದೂ ತಾಕಲಾಟವನ್ನು ತಗ್ಗಿಸುವ ಒಂದು ದಾರಿ: ಹೇಳಿದ ಮಾತು ಮನೆಯೊಳಗೆ, ಚಟ ಮನೆಯ ಹೊರಗೆ. ಅವನು ಬಿಡುವ ಕಡೆಗೆ ನಡೆದಿದ್ದಾನೋ, ಬಚ್ಚಿಡುವುದನ್ನು ಕಲಿತನೋ ಎಂದು ಇಷ್ಟು ಬೇಗ ಹೇಳಲಾರೆ. ಹಿಂದೆ ಹೋಗಿ ನೋಡಬೇಡಿ. ಬುಧವಾರ ವೈದ್ಯರಲ್ಲಿ ಚಟ ಬಿಡಿಸುವ ನೆರವಿನ ಬಗ್ಗೆ ಅವನೆದುರೇ ಕೇಳಿ. ದೇಹದ ಬೇಡಿಕೆಗೆ ಚಿಕಿತ್ಸೆ ಸಿಕ್ಕರೆ ಮನಸ್ಸಿಗೆ ಕಾರಣ ಹುಡುಕುವ ಕೆಲಸ ಕಡಿಮೆಯಾಗುತ್ತದೆ.

ಮಾದಾಪುರದ ಬೆಳೆಗಾರ

ಆಗಸ್ಟ್ ಬಂದಿದೆ, ನನ್ನ ಲೆಕ್ಕ ಒಪ್ಪಿಸುತ್ತೇನೆ. ಮೇಡಂ ಅವರ ಮಾತು ಓದಿದ ಮೇಲೆ, ಜೂನ್ ಒಂದರಿಂದ ಫೋರ್ ವೀಲ್ ಗೇರ್ ಹಾಕಿದ ದಿನಗಳನ್ನು ಅದೇ ಪುಸ್ತಕದಲ್ಲಿ ಗುರುತು ಹಾಕುತ್ತ ಬಂದೆ. ಶುರುವಿನಲ್ಲಿ ಮೂವತ್ತು ದಿನ ಬೇಕಾದೀತು ಎಂದು ಅಂದಾಜು ಬರೆದಿದ್ದೆ. ಇವತ್ತಿಗೆ ಆರು ದಿನ. ನಾಲ್ಕು ದಿನ ತೋಟದ ಏರಿಗೆ, ಒಂದು ದಿನ ನೆರೆಯವರ ಗಾಡಿಯನ್ನು ಕೆಸರಿನಿಂದ ಎಳೆಯಲು.

ಆರನೆಯ ದಿನ ಅಮ್ಮನಿಗೆ ಉಸಿರಾಟದ ತೊಂದರೆಯಾಯಿತು. ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿಯ ಮೇಲೆ ಮಣ್ಣು ಜರಿದಿತ್ತು. ಜೀಪು ದಾಟಿತು, ಮಡಿಕೇರಿ ತಲುಪಿದೆವು, ಅಮ್ಮ ಈಗ ಆರಾಮ. ಭಾವನಿಗೆ ನಾನು ಹೇಳಿದ ಕಾರಣ ಇದೇ. ಪಟ್ಟಿಯಲ್ಲಿರಲಿಲ್ಲ, ನನ್ನ ಸಮಾಧಾನಕ್ಕಾಗಿ ಆಮೇಲೆ ಹುಟ್ಟಿದ್ದು, ಆದರೂ ಆ ರಾತ್ರಿ ನಿಜವಾಯಿತು. ಇದನ್ನು ಹೇಗೆ ಲೆಕ್ಕಕ್ಕೆ ಹಿಡಿಯಲಿ?

ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಅಮ್ಮ ಆರಾಮವಾಗಿದ್ದಾರೆ ಎಂದು ಓದಿ ನೆಮ್ಮದಿಯಾಯಿತು. ಒಂದು ಕಾರಣ ಯಾವಾಗ ಹುಟ್ಟಿತು ಎಂಬುದರಿಂದ ಅದು ಸುಳ್ಳೆಂದು ಸಾಬೀತಾಗುವುದಿಲ್ಲ. ನೀವು ಜೀಪು ಕೊಂಡದ್ದು ಅದಕ್ಕಾಗಿ ಅಲ್ಲ ಎಂಬುದಷ್ಟೇ ಪಟ್ಟಿಯಿಂದ ತಿಳಿಯುತ್ತದೆ. ಮೂವತ್ತು ಮತ್ತು ಆರರ ನಡುವಿನ ಅಂತರವನ್ನೂ ಆ ರಾತ್ರಿಯ ಪಕ್ಕದಲ್ಲಿಯೇ ಬರೆದಿಡಿ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಬೇಡಿ.

ಮಾದಾಪುರದ ಬೆಳೆಗಾರ

ಎರಡನ್ನೂ ಬರೆದಿದ್ದೇನೆ. ಶನಿವಾರಸಂತೆಯ ತಮ್ಮನಿಗೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆ ಇರಲಿ. ನಾಲ್ಕು ಎಕರೆಗೆ ಯಾವುದು ಸರಿ ಎಂದು ಹೇಳಲು ನಾನು ತಕ್ಕವನಲ್ಲ, ಏಕೆಂದರೆ ನಾನು ಆಗಲೇ ಒಂದನ್ನು ಕೊಂಡವನು. ಪಿಕಪ್‌ಗೆ ಒಂಬತ್ತು ಬಾಡಿಗೆ, 16,200 ರೂಪಾಯಿ. ಫೋರ್ ವೀಲ್ ಆರು ದಿನ. ನಿಮ್ಮ ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ದೂರ, ಮಳೆಗಾಲದಲ್ಲಿ ಆ ದಾರಿ ಎಷ್ಟು ದಿನ ಕೆಟ್ಟಿರುತ್ತದೆ ಎಂದು ಕೊಳ್ಳುವ ಮೊದಲು ಬರೆದಿಡಿ. ಬೇಕಿದ್ದರೆ ಒಂದು ದಿನ ಬನ್ನಿ, ಜೀಪನ್ನು ನೀವೇ ಓಡಿಸಿ ನೋಡಿ. ಆ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಕೂರುವುದಿಲ್ಲ.